ಎಚ್‌ಆರ್ ಮೇಡಂ ಹೇಳದೇ ಬಿಟ್ಟ ಮೂರು ತಿಂಗಳು

ಕೆಲಸಕ್ಕೆ ಸೇರಿದ ಎರಡನೇ ದಿನ, ಮಧ್ಯಾಹ್ನ ಊಟವಾದ ಮೇಲೆ, ನಮ್ಮನ್ನೆಲ್ಲ ಏಸಿ ಹಾಲಿನಲ್ಲಿ ಕೂರಿಸಿದರು. ಹೊಸಬರು ಇಪ್ಪತ್ತು ಮೂವತ್ತು ಜನ ಇದ್ದೆವು. ಎಚ್‌ಆರ್ ವಿಭಾಗದ ಮುಖ್ಯಸ್ಥೆ ಬಂದು ಮುಕ್ಕಾಲು ಗಂಟೆ ಮಾತಾಡಿದರು. ಒಳ್ಳೆಯ ಮಾತುಗಾರ್ತಿ, ನಗಿಸುತ್ತಿದ್ದರು. ಏನು ಮಾಡಬಾರದು ಎನ್ನುವುದಕ್ಕೆ ಚಿತ್ರಗಳಿದ್ದ ಸ್ಲೈಡುಗಳು ಒಂದರ ಹಿಂದೆ ಒಂದು ಬಂದವು: ಮೈ ಮುಟ್ಟಬೇಡಿ, ಅಶ್ಲೀಲ ಜೋಕು ಫಾರ್ವರ್ಡ್ ಮಾಡಬೇಡಿ, ರಾತ್ರಿ ಹನ್ನೊಂದಕ್ಕೆ 'ಮಲಗಿದ್ಯಾ?' ಅಂತ ಮೆಸೇಜು ಹಾಕಬೇಡಿ. ಆಮೇಲೆ ಸ್ವಲ್ಪ ಗಂಭೀರವಾಗಿ, "ಸುಳ್ಳು ದೂರು ಕೊಟ್ಟರೂ ಶಿಕ್ಷೆ ಇದೆ, ನೆನಪಿರಲಿ" ಎಂದರು. ಕೊನೆಯ ಸ್ಲೈಡಿನಲ್ಲಿ ಒಂದು ಇಮೇಲ್ ವಿಳಾಸ. ನಾವು ಬರೆದುಕೊಳ್ಳುವಷ್ಟರಲ್ಲಿ ಥ್ಯಾಂಕ್ಯೂ ಸ್ಲೈಡು ಬಂದಿತ್ತು. "ಏನೇ ಇದ್ದರೂ ನನ್ನ ಹತ್ತಿರ ಬನ್ನಿ, ನನ್ನ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ" ಎಂದು ಮುಗಿಸಿದರು. ನಾವು ಚಪ್ಪಾಳೆ ಹೊಡೆದೆವು.

ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಈಗ ಊರಿನಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವಳ ಡೆಸ್ಕಿನ ಹಿರಿಯನೊಬ್ಬ ಮೊದಲು ರಾತ್ರಿ ಮೆಸೇಜು ಹಾಕತೊಡಗಿದ. ಸ್ಲೈಡಿನಲ್ಲಿ ತೋರಿಸಿದ ಹಾಗೆಯೇ. ಆಮೇಲೆ ಪುಟ ನೋಡುವ ನೆಪದಲ್ಲಿ ಕುರ್ಚಿಯ ಹಿಂದೆ ಬಂದು ಹೆಗಲ ಮೇಲೆ ಕೈ ಇಡುವುದು ಶುರುವಾಯಿತು. ನವೆಂಬರ್ 11ರ ರಾತ್ರಿ, ಕಚೇರಿಯ ಕ್ಯಾಬಿನಲ್ಲಿ ಮನೆಗೆ ಹೋಗುವಾಗ, ಹಿಂದಿನ ಸೀಟಿನಲ್ಲಿ ಅವನು ಮಾಡಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಮರುದಿನ ಅವಳು ತನ್ನ ಟೀಮ್ ಲೀಡರ್‌ಗೆ ಹೇಳಿದಳು. ಅವರು ಒಳ್ಳೆಯವರೇ. "ನಾನು ನೋಡ್ಕೋತೀನಮ್ಮ" ಎಂದು ಅವಳನ್ನು ಬೆಳಗಿನ ಪಾಳಿಗೆ ಹಾಕಿದರು. ಡಿಸೆಂಬರಿನಲ್ಲಿ ಅವಳು ಧೈರ್ಯ ಮಾಡಿ ಆ ತೆರೆದ ಬಾಗಿಲಿಗೂ ಹೋದಳು. ಎಚ್‌ಆರ್ ಮೇಡಂ ಟೀ ತರಿಸಿದರು, ಪೂರ್ತಿ ಕೇಳಿಸಿಕೊಂಡರು, ಅವನಿಗೆ ಬುದ್ಧಿ ಹೇಳುತ್ತೇನೆ ಎಂದರು. ಹೇಳಿದರು ಕೂಡ. ಆದರೆ ಯಾರೂ ಒಂದು ಸಾಲು ಬರೆದುಕೊಳ್ಳಲಿಲ್ಲ, ಬರೆದು ಕೊಡು ಎಂದು ಅವಳಿಗೂ ಹೇಳಲಿಲ್ಲ.

ಏಪ್ರಿಲಿನಲ್ಲಿ ಅವನಿಗೆ ಬಡ್ತಿ ಸಿಕ್ಕಿತು, ಅವಳ ಕೆಲಸಕ್ಕೆ ಅಂಕ ಹಾಕುವ ಅಧಿಕಾರವೂ ಅವನ ಕೈಗೆ ಬಂತು. ಆಗ ಅವಳು ವಿಧ್ಯುಕ್ತವಾಗಿ ದೂರು ಕೊಡಲು ನಿರ್ಧರಿಸಿದಳು. ಸಮಿತಿ ಎಲ್ಲಿದೆ, ಯಾರಿದ್ದಾರೆ ಎಂದು ವಿಚಾರಿಸಿಕೊಂಡು ಜೂನ್ ಮೊದಲ ವಾರ ಹೋದಾಗ ಸಿಕ್ಕ ಉತ್ತರ: ಅವಧಿ ಮುಗಿದಿದೆ.

ಯಾವ ಅವಧಿ? ಇಂಡಕ್ಷನ್ನಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಕೇಳಿರದ ಅವಧಿ. 2013ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಘಟನೆ ನಡೆದ ದಿನದಿಂದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಒಂದರ ಮೇಲೊಂದು ಘಟನೆ ನಡೆದಿದ್ದರೆ ಕೊನೆಯದರಿಂದ ಲೆಕ್ಕ. ಆ ಅವಧಿಯಲ್ಲಿ ದೂರು ಕೊಡಲಾಗದಂಥ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ, ಕಾರಣವನ್ನು ದಾಖಲಿಸಿ ಇನ್ನೂ 3 ತಿಂಗಳು ಕೊಡಬಹುದು. ಅಷ್ಟೇ. ಅವಳ ಲೆಕ್ಕದಲ್ಲಿ ನವೆಂಬರ್ 11ರಿಂದ ಫೆಬ್ರವರಿ 11ಕ್ಕೆ ಮೊದಲ ಅವಧಿ ಮುಗಿದಿತ್ತು, ಸಮಿತಿ ಮನಸ್ಸು ಮಾಡಿದ್ದರೂ ಮೇ 11ಕ್ಕೆ ಎರಡನೆಯದು. ಟೀಮ್ ಲೀಡರ್ ಹತ್ತಿರ ಹೇಳಿಕೊಂಡ ದಿನವೂ ಗಡಿಯಾರ ಓಡುತ್ತಿತ್ತು, ಮೇಡಂ ಕೋಣೆಯಲ್ಲಿ ಟೀ ಕುಡಿದ ದಿನವೂ ಓಡುತ್ತಿತ್ತು.

ಪೊಲೀಸರ ದಾರಿ ತೆರೆದಿತ್ತು ನಿಜ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ನಿನಲ್ಲಿ ಲೈಂಗಿಕ ಕಿರುಕುಳ ಅಪರಾಧವೇ. ಆದರೆ ಠಾಣೆ, ಕೋರ್ಟು ಅಂದರೆ ಊರಿನಲ್ಲಿ ಅಪ್ಪನಿಗೆ ಹೇಳಬೇಕು. ಹೇಳಿದರೆ ಅಪ್ಪ ಮೊದಲು ಹೇಳುವುದು "ಸಾಕು, ವಾಪಸ್ ಬಾ" ಎಂದೇ. ಕಚೇರಿಯೊಳಗೇ ಒಂದು ವಿಚಾರಣೆ ನಡೆಯಲಿ ಎಂದು ಕಾಯ್ದೆ ಮಾಡಿದ್ದೇ ಇಂಥವಳಿಗಾಗಿ. ಅವಳು ಜುಲೈನಲ್ಲಿ ಕೆಲಸ ಬಿಟ್ಟಳು. ಅಪ್ಪನಿಗೆ ಬೆಂಗಳೂರಿನ ಹವಾ ಆಗಿಬರಲಿಲ್ಲ ಎಂದಿದ್ದಾಳೆ.

ಇದು ನಮ್ಮ ಕಚೇರಿಯ ಅಪರೂಪದ ಎಡವಟ್ಟೇನಲ್ಲ. ಕಾನೂನು ಓದಿದವರಿಗೇ ಹೀಗಾಗಿದೆ. ಕೋಲ್ಕತ್ತಾದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕಿಯೊಬ್ಬರು ಅಲ್ಲಿನ ಕುಲಪತಿಯ ವಿರುದ್ಧ 2023ರ ಡಿಸೆಂಬರ್ 26ರಂದು ಸ್ಥಳೀಯ ಸಮಿತಿಗೆ ದೂರು ಕೊಟ್ಟರು. ಅವರು ಹೇಳಿದ ಕೊನೆಯ ಕಿರುಕುಳದ ಘಟನೆ ಆ ವರ್ಷದ ಏಪ್ರಿಲ್‌ನದ್ದು. ಆ ನಂತರವೂ ತಮ್ಮನ್ನು ಹುದ್ದೆಯಿಂದ ತೆಗೆದದ್ದು ಮುಂತಾಗಿ ಸೇಡಿನ ಕ್ರಮಗಳು ನಡೆದವು, ಅದೂ ಕಿರುಕುಳದ ಮುಂದುವರಿಕೆಯೇ ಎನ್ನುವುದು ಅವರ ವಾದವಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆಡಳಿತಾತ್ಮಕ ಕ್ರಮಗಳು ಬೇರೆ, ಲೈಂಗಿಕ ಕಿರುಕುಳ ಬೇರೆ, ದೂರು ತಡವಾಗಿದೆ ಎಂದಿತು. ಹಾಗೆಂದು ಕೈತೊಳೆದುಕೊಳ್ಳಲೂ ಇಲ್ಲ. ಘಟನೆಯನ್ನು ಕ್ಷಮಿಸಬಹುದು, ಮರೆಯಬಾರದು ಎನ್ನುವ ಅರ್ಥದಲ್ಲಿ, ಆ ತೀರ್ಪನ್ನು ಕುಲಪತಿಯವರ ಬಯೋಡೇಟಾದಲ್ಲೇ ಸೇರಿಸಬೇಕೆಂದು ಆದೇಶಿಸಿತು. ವಿಚಿತ್ರ ಆದೇಶ. ಆದರೆ ದೂರಿನ ವಿಚಾರಣೆ ಮಾತ್ರ ನಡೆಯಲಿಲ್ಲ. ಕಾನೂನು ಕಲಿಸುವವರಿಗೇ ಕ್ಯಾಲೆಂಡರು ಕೈಕೊಟ್ಟರೆ, ಚಳ್ಳಕೆರೆಯಿಂದಲೋ ಸಿಂಧಗಿಯಿಂದಲೋ ಬಂದು ಮೊದಲ ಕೆಲಸಕ್ಕೆ ಸೇರಿದ ಹುಡುಗಿಯ ಪಾಡೇನು?

ಈ ಮೂರು ತಿಂಗಳೇ ತೀರಾ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಮೇಲಿನವನ ವಿರುದ್ಧ ಬಾಯಿ ಬಿಡಲು ಪ್ರೊಬೇಶನ್ನಿನಲ್ಲಿರುವವಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಕಾಯ್ದೆ ಬದಲಾಗುವುದು ಸಂಸತ್ತಿನಲ್ಲಿ, ಅದು ಯಾವಾಗಲೋ. ಇಂಡಕ್ಷನ್ ಭಾಷಣ ಬದಲಾಗುವುದಕ್ಕೆ ಒಂದು ಸ್ಲೈಡು ಸಾಕು. ಹಾಗಾಗಿ ನನ್ನ ತಕರಾರು ಭಾಷಣದ ಮೇಲೆ.

ಆ ಭಾಷಣ 'ಏನು ತಪ್ಪು' ಎನ್ನುವುದಕ್ಕೆ ಮೂವತ್ತೈದು ನಿಮಿಷ ಕೊಡುತ್ತದೆ, 'ಎಲ್ಲಿ ಹೇಳಬೇಕು' ಎನ್ನುವುದಕ್ಕೆ ಒಂದು ಇಮೇಲ್ ವಿಳಾಸ. ತನ್ನ ಮೇಲೆ ನಡೆಯುತ್ತಿರುವುದು ತಪ್ಪೆಂದು ಹುಡುಗಿಗೆ ಸ್ಲೈಡಿಲ್ಲದೆಯೂ ಗೊತ್ತಾಗುತ್ತದೆ. ಗೊತ್ತಿಲ್ಲದಿರುವುದು ಎರಡನೆಯದು.

ಮೊದಲ ತಪ್ಪು ಆ ತೆರೆದ ಬಾಗಿಲಿನ ಮಾತು. ಎಚ್‌ಆರ್ ಬೇರೆ, ಸಮಿತಿ ಬೇರೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಚೇರಿ, ಪ್ರತಿ ಶಾಖೆ, ಲಿಖಿತ ಆದೇಶದ ಮೂಲಕ ಆಂತರಿಕ ಸಮಿತಿ ರಚಿಸಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅಧ್ಯಕ್ಷೆ, ಉದ್ಯೋಗಿಗಳ ಪೈಕಿ ಕನಿಷ್ಠ ಇಬ್ಬರು ಸದಸ್ಯರು, ಜೊತೆಗೆ ಮಹಿಳಾ ಸಂಘಟನೆಯಿಂದಲೋ ಈ ವಿಷಯ ಬಲ್ಲವರ ಪೈಕಿಯೋ ಹೊರಗಿನವರೊಬ್ಬರು. ಒಟ್ಟಾರೆ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹೊರಗಿನ ಸದಸ್ಯೆಯನ್ನು ಸೇರಿಸಿದ್ದಕ್ಕೆ ಕಾರಣವಿದೆ. ಅವರ ಸಂಬಳ, ಬಡ್ತಿ ಯಾವುದೂ ಕಂಪನಿಯ ಕೈಯಲ್ಲಿಲ್ಲ. ದೂರು ಬಡ್ತಿ ಕೊಡುವವರ ಮೇಲಿದ್ದರೆ ಇಡೀ ಕೋಣೆಯಲ್ಲಿ ನೇರವಾಗಿ ಪ್ರಶ್ನೆ ಕೇಳಬಲ್ಲವರು ಅವರೊಬ್ಬರೇ ಆಗಿರಬಹುದು. ನಮ್ಮ ಇಂಡಕ್ಷನ್ನಿನಲ್ಲಿ ಅವರ ಹೆಸರೇ ಬರಲಿಲ್ಲ.

ಎಚ್‌ಆರ್ ಮುಖ್ಯಸ್ಥೆ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಕೆಲಸವೇ ಎಲ್ಲವನ್ನೂ ತಣ್ಣಗಾಗಿಸುವುದು. ಪಾಳಿ ಬದಲಿಸಿದರು, ಬುದ್ಧಿ ಹೇಳಿದರು, ವಿಷಯ ಮುಗಿಯಿತು ಎಂದುಕೊಂಡರು. ಆದರೆ ಕಾಯ್ದೆಯ 19ನೇ ಸೆಕ್ಷನ್ ಸಂಸ್ಥೆಗೆ ಕೆಲವು ಕರ್ತವ್ಯ ಹೊರಿಸಿದೆ. ಸಮಿತಿ ರಚಿಸಿದ ಆದೇಶವನ್ನೂ ಕಿರುಕುಳಕ್ಕಿರುವ ಶಿಕ್ಷೆಯನ್ನೂ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಮಹಿಳೆ ಪೊಲೀಸರಿಗೆ ದೂರು ಕೊಡಬಯಸಿದರೆ ನೆರವಾಗಬೇಕು. ಕಿರುಕುಳ ಕೊಟ್ಟವನು ಹೊರಗಿನವನಾಗಿದ್ದರೂ, ಅವಳು ಬಯಸಿದರೆ, ಅವನ ಮೇಲೆ ಕ್ರಮಕ್ಕೆ ಸಂಸ್ಥೆಯೇ ಮುಂದಾಗಬೇಕು. ಪ್ರೆಸ್‌ಮೀಟಿನಲ್ಲಿ ರಾಜಕಾರಣಿಯೊಬ್ಬ ವರದಿಗಾರ್ತಿಯ ಹತ್ತಿರ ಕೆಟ್ಟದಾಗಿ ನಡೆದುಕೊಂಡರೆ "ಅವರು ನಮ್ಮ ಸ್ಟಾಫ್ ಅಲ್ವಲ್ಲಮ್ಮ" ಎನ್ನುವ ಸಂಪಾದಕರು ಇದನ್ನೊಮ್ಮೆ ಓದಬೇಕು. ಕೆಲಸದ ಮೇಲೆ ಹೋದ ಜಾಗವೂ, ಕಚೇರಿ ಕೊಟ್ಟ ವಾಹನವೂ ಕಾಯ್ದೆಯ ಲೆಕ್ಕದಲ್ಲಿ ಉದ್ಯೋಗ ಸ್ಥಳವೇ. ನನ್ನ ಗೆಳತಿಯ ಆ ಕ್ಯಾಬೂ ಕೂಡ.

ಎರಡನೆಯದು, ಸುಳ್ಳು ದೂರಿನ ಎಚ್ಚರಿಕೆ. ಅದು ಕಾಯ್ದೆಯಲ್ಲಿದೆ, 14ನೇ ಸೆಕ್ಷನ್. ಮೇಡಂ ಹೇಳಿದ್ದು ಅದರ ಅರ್ಧ ಮಾತ್ರ. ಉಳಿದರ್ಧ ಹೀಗಿದೆ: ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ದುರುದ್ದೇಶವಿತ್ತೆಂದು ಬೇರೆಯಾಗಿ ವಿಚಾರಣೆ ಮಾಡಿ ಸಾಬೀತು ಮಾಡಬೇಕು. ಈ ಅರ್ಧವನ್ನು ಬಿಟ್ಟು ಆ ಅರ್ಧವನ್ನು ಹೇಳಿದರೆ ಕೂತು ಕೇಳುವ ಹುಡುಗಿಗೆ ಅರ್ಥವಾಗುವುದು ಒಂದೇ: ನನ್ನ ಹತ್ತಿರ ಸಾಕ್ಷಿಯಿಲ್ಲ, ಸುಮ್ಮನಿರುವುದು ಲೇಸು. ಗೆಳತಿ ನವೆಂಬರಿನಲ್ಲಿ ಬರೆದು ಕೊಡದೇ ಇರುವುದಕ್ಕೆ ಇದೂ ಒಂದು ಕಾರಣ. "ಕ್ಯಾಬ್ ಡ್ರೈವರ್ ಬಿಟ್ರೆ ಯಾರೂ ಇರ್ಲಿಲ್ಲ ಕಣೇ, ಅವನು ಯಾಕೆ ಹೇಳ್ತಾನೆ?" ಎಂದಿದ್ದಳು.

ನಾನು ಆ ಜಾಗದಲ್ಲಿ ನಿಂತು ಮಾತಾಡಬೇಕಾಗಿ ಬಂದರೆ ಜೋಕುಗಳನ್ನೆಲ್ಲ ಬಿಟ್ಟು, ಒಂದು ದೂರು ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ಮೊದಲಿಂದ ಕೊನೆವರೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ದೂರು ಎಂದರೆ ಒಂದು ಪತ್ರ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಅವನು ಏನು ಹೇಳಿದ ಅಥವಾ ಮಾಡಿದ, ನೀವೇನು ಹೇಳಿದಿರಿ, ಹತ್ತಿರದಲ್ಲಿ ಯಾರಿದ್ದರು, ಆಮೇಲೆ ಯಾರಿಗೆ ಹೇಳಿಕೊಂಡಿರಿ. ವರದಿ ಬರೆಯಲು ಕಲಿತವರಿಗೆ ಇದೇನೂ ಹೊಸದಲ್ಲ. ವಿಶೇಷಣ ಬೇಡ, ತಾರೀಖು ಬೇಕು. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆಯುವಾಗ ನಂಬರು, ದಿನಾಂಕ ಕಾಣುವಂತಿರಲಿ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ಸಾಕ್ಷಿಗಳಿದ್ದರೆ ಅವರ ಹೆಸರು, ವಿಳಾಸ ಸೇರಿಸಿ, 6 ಪ್ರತಿ ಮಾಡಿ, ಸಮಿತಿಯ ಅಧ್ಯಕ್ಷೆಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಇಂಗ್ಲಿಷಿನಲ್ಲೇ ಇರಬೇಕೆಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಬರೆಯಲು ಬಾರದಿದ್ದರೆ, ಬರೆಯಲು ನೆರವಾಗುವುದು ಸಮಿತಿಯ ಜವಾಬ್ದಾರಿ ಎಂದು ಮಾತ್ರ ಸ್ಪಷ್ಟವಾಗಿ ಹೇಳುತ್ತದೆ.

ಪತ್ರ ಕೊಟ್ಟ 7 ಕೆಲಸದ ದಿನಗಳಲ್ಲಿ ಒಂದು ಪ್ರತಿ ಎದುರು ಪಾರ್ಟಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ದೂರು ಗುಟ್ಟಾಗಿ ಉಳಿಯುತ್ತದೆ ಎಂದುಕೊಂಡವರಿಗೆ ಇಲ್ಲೇ ಆಘಾತವಾಗುವುದು. ಹೊರಗಿನವರಿಗೆ ಗೊತ್ತಾಗಬಾರದು ಎನ್ನುವುದು ನಿಯಮ, ಅವನಿಗೆ ಗೊತ್ತಾಗಲೇಬೇಕು ಎನ್ನುವುದೂ ನಿಯಮವೇ. ಅವನು 10 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಎರಡೂ ಕಡೆಯವರು ವಕೀಲರನ್ನು ಕರೆತರುವಂತಿಲ್ಲ. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ವಿಚಾರಣೆ ಶುರುವಾಗುವ ಮೊದಲು ರಾಜಿಗೆ ಅವಕಾಶವಿದೆ, ಆದರೆ ಅದನ್ನು ಕೇಳಬೇಕಾದವಳು ಅವಳು, ಹಣ ಕೊಟ್ಟು ಬಾಯಿ ಮುಚ್ಚಿಸುವ ರಾಜಿ ನಡೆಯುವುದಿಲ್ಲ. ಎಚ್‌ಆರ್ ಕೋಣೆಯಲ್ಲಿ ಟೀ ಕುಡಿಸಿ ಮಾಡುವುದು ಈ ರಾಜಿಯಲ್ಲ.

ಇನ್ನು ಎಲ್ಲರ ಮನಸ್ಸಿನಲ್ಲಿರುವ, ಯಾರೂ ಎದ್ದು ಕೇಳದ ಪ್ರಶ್ನೆ: ಈ 90 ದಿನ ನಾನು ಅವನ ಎದುರು ಕೂತು ಹೇಗೆ ಕೆಲಸ ಮಾಡಲಿ? ವಿಚಾರಣೆ ನಡೆಯುವಾಗ ಅವಳು ಬರೆದು ಕೇಳಿದರೆ, ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆಗೆ ವರ್ಗ ಮಾಡಲು, ಅವಳಿಗೆ 3 ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಅವಳ ಕೆಲಸದ ಮೌಲ್ಯಮಾಪನ ಅವನು ಮಾಡದಂತೆ ತಡೆಯಲೂಬಹುದು. ಈ ಕೊನೆಯದು ಗೊತ್ತಿದ್ದಿದ್ದರೆ ಏಪ್ರಿಲಿನಲ್ಲಿ ಗೆಳತಿಯ ಅಂಕಪಟ್ಟಿ ಅವನ ಕೈಗೆ ಹೋಗುತ್ತಿರಲಿಲ್ಲವೇನೋ. ಇಂಡಕ್ಷನ್ನಿನಲ್ಲಿ ಈ ಎರಡು ಸಾಲು ಹೇಳುವುದಕ್ಕೆ ಒಂದು ನಿಮಿಷ ಸಾಲದೇ?

ಆ ಹಾಲಿನಲ್ಲಿ ಯಾರಿರಲಿಲ್ಲ ಎನ್ನುವುದು ನನಗೆ ಬಹಳ ದಿನದ ಮೇಲೆ ಹೊಳೆಯಿತು. ಬೆಳಿಗ್ಗೆ ಆರಕ್ಕೆ ಬಂದು ನೆಲ ಒರೆಸುವ ಅಕ್ಕಂದಿರು ಇರಲಿಲ್ಲ. ಕ್ಯಾಂಟೀನಿನವರು, ಗೇಟಿನಲ್ಲಿ ಬ್ಯಾಗ್ ತಪಾಸಣೆ ಮಾಡುವ ಹೆಂಗಸರು ಇರಲಿಲ್ಲ. "ಅವರು ಏಜೆನ್ಸಿಯವರು" ಎನ್ನುತ್ತಾರೆ. ಕಾಯ್ದೆಗೆ ಆ ಭೇದವಿಲ್ಲ. ಗುತ್ತಿಗೆದಾರರ ಮೂಲಕ ಬಂದವರು, ದಿನಗೂಲಿಯವರು, ಟ್ರೈನಿಗಳು, ಅಪ್ರೆಂಟಿಸುಗಳು, ಸಂಬಳವಿಲ್ಲದೆ ದುಡಿಯುವವರು ಎಲ್ಲರೂ ಅದರ ಪ್ರಕಾರ ಉದ್ಯೋಗಿಗಳೇ. ನಮ್ಮ ಕಸುಬಿನ ಇಂಟರ್ನ್‌ಗಳು, ಅಂದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು, ಇದರೊಳಗೇ ಬರುತ್ತೀರಿ. ಅಂದು ಹಿಂದಿನ ಸಾಲಿನ ಹುಡುಗನೊಬ್ಬ "ಗಂಡಸರಿಗೆ ಆದ್ರೆ?" ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ನಗುವ ಪ್ರಶ್ನೆಯಲ್ಲ. ಈ ಕಾಯ್ದೆಯಡಿ ದೂರು ಕೊಡಬಲ್ಲವರು ಮಹಿಳೆಯರು ಮಾತ್ರ. ಕಂಪನಿ ತನ್ನ ಸ್ವಂತ ನಿಯಮದಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳಬಹುದು. ಸೇರಿಸಿಕೊಂಡಿದೆಯೋ ಇಲ್ಲವೋ ಎನ್ನುವುದನ್ನು ಮೇಡಂ ಹೇಳಬೇಕಿತ್ತು.

ಜಿಲ್ಲಾ ಮಟ್ಟದ ಪತ್ರಿಕೆಗಳಲ್ಲಿ, ಯೂಟ್ಯೂಬ್ ಚಾನೆಲ್ಲುಗಳಲ್ಲಿ ಇರುವವರಿಗೆ ಇಂಡಕ್ಷನ್ನೂ ಇಲ್ಲ, ಎಚ್‌ಆರೂ ಇಲ್ಲ. ಸಂಪಾದಕ, ಆಪರೇಟರ್, ಇಬ್ಬರು ವರದಿಗಾರರು, ಅಷ್ಟೇ ಕಚೇರಿ. 10ಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಗೊಂದರಂತೆ ಇರಬೇಕಾದ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲ್ಲೂಕು ಮಟ್ಟದಲ್ಲಿ ದೂರು ತೆಗೆದುಕೊಂಡು 7 ದಿನದಲ್ಲಿ ಆ ಸಮಿತಿಗೆ ಕಳಿಸುವ ನೋಡಲ್ ಅಧಿಕಾರಿಯೂ ಇರಬೇಕು. ಇರಬೇಕು ಎನ್ನುವುದಕ್ಕೂ ಇದೆ ಎನ್ನುವುದಕ್ಕೂ ಅಂತರವಿದೆ. 2024ರ ಡಿಸೆಂಬರಿನಲ್ಲಿ ಕೂಡ ಸುಪ್ರೀಂ ಕೋರ್ಟ್, ಈ ಕಾಯ್ದೆಯಡಿ ಜಿಲ್ಲೆಗೊಬ್ಬ ಅಧಿಕಾರಿಯನ್ನು ತಿಂಗಳ ಕೊನೆಯೊಳಗೆ ನೇಮಿಸಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಕಾಯ್ದೆಯಾಗಿ ಆಗಲೇ 11 ವರ್ಷವಾಗಿತ್ತು.

ಇದೆಲ್ಲ ಗಾಜಿನ ಕಟ್ಟಡದವರ ಕಾನೂನು ಎನ್ನುವ ಭಾವನೆ ನಮ್ಮ ಊರುಗಳಲ್ಲಿದೆ. ಹುಟ್ಟಿದ್ದು ಹಳ್ಳಿಯಲ್ಲಿ. ರಾಜಸ್ಥಾನದ ಭಟೇರಿ ಎಂಬ ಊರಿನಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ, ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಅವರು ಆ ಮನೆಗೆ ಹೋದದ್ದು ಸರ್ಕಾರದ ಕೆಲಸದ ಮೇಲೆ. ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಅವರ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದುದರಿಂದ 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆಯಾಯಿತು. ನಮ್ಮ ಇಂಡಕ್ಷನ್ನಿನ ಸ್ಲೈಡಿನಲ್ಲಿದ್ದವರೆಲ್ಲ ಕೋಟು ಹಾಕಿದ ವಿದೇಶಿ ಮಾಡೆಲ್‌ಗಳು.

ಈ ಕಥೆಯೆಲ್ಲ ಗೊತ್ತಿದ್ದ ಕಾರಣಕ್ಕೆ, ಕಾಲೇಜಿನ ಜೂನಿಯರ್ ಒಬ್ಬಳು ಕಳೆದ ತಿಂಗಳು ಮೈಸೂರಿನ ಕಂಪನಿಯೊಂದಕ್ಕೆ ಸೇರಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಸಮಿತಿಯಲ್ಲಿ ಹೊರಗಿನವರು ಯಾರು?" ಎಂದು. "ಇಂಡಕ್ಷನ್ನಲ್ಲಿ ಹೇಳ್ಲಿಲ್ಲಕ್ಕಾ" ಎಂದಳು. ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿನ ಫೋಟೋ ತೆಗೆದು ಕಳಿಸಿದಳು. ಸಮಿತಿಯ ಆದೇಶ ಅಲ್ಲಿತ್ತು, ಫ್ರೇಮು ಹಾಕಿಸಿದ್ದರು. ದಿನಾಂಕ 2019. ಸದಸ್ಯರ ಅವಧಿ ಗರಿಷ್ಠ 3 ವರ್ಷ, ಮರುರಚನೆ ಆಗಿದ್ದರೆ ಹೊಸ ಆದೇಶ ಇರಬೇಕಿತ್ತು. ಪಟ್ಟಿಯಲ್ಲಿದ್ದ ಐದು ಹೆಸರುಗಳಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿ ಬಹಳ ದಿನವಾಯಿತಂತೆ. ಹೊರಗಿನ ಸದಸ್ಯೆಯ ಹೆಸರಿನ ಮುಂದೆ ಫೋನ್ ನಂಬರು ಇತ್ತು. "ಮಾಡಿ ನೋಡು" ಎಂದೆ. ಮಾಡಿದಳು. ಆ ಕಡೆಯಿಂದ ಮಾತಾಡಿದ ಹೆಂಗಸು, "ನಾನಿನ್ನೂ ಆ ಸಮಿತೀಲಿದ್ದೀನಾ?" ಎಂದು ಇವಳನ್ನೇ ಕೇಳಿದರಂತೆ. ಸೋಮವಾರ ಎಚ್‌ಆರ್‌ಗೆ ಇದನ್ನೇ ಮೇಲ್ ಮಾಡುತ್ತೇನೆ ಎಂದಿದ್ದಾಳೆ. ಪ್ರೊಬೇಶನ್ನಿನಲ್ಲಿದ್ದೀಯ, ನೋಡಿಕೊಂಡು ಮಾಡು ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.